ಸಹಾಯ ಬೇಕು: ಇಳಿಸಿದ ತೂಕ ಮತ್ತೆ ಮತ್ತೆ ಏರುತ್ತಿದೆ

ನನಗೆ 41 ವರ್ಷ, ಸಸ್ಯಾಹಾರಿ. ಮನೆಯಲ್ಲಿ ಮದುವೆ ಗೊತ್ತಾದರೆ ಸಾಕು, ಅನ್ನ, ಮುದ್ದೆ ಬಿಟ್ಟು 78 ಕೆಜಿಯಿಂದ 70ಕ್ಕೆ ಇಳಿಯುತ್ತೇನೆ. ವರ್ಷದೊಳಗೆ ಮತ್ತೆ 78. ತೂಕ ಅದೇ, ಆದರೆ ಸೊಂಟದ ಸುತ್ತಳತೆ ಜಾಸ್ತಿಯಾಗಿದೆ, ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ.

ಬೇಗ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ವಾಪಸ್ ಬರುವುದು ಹೆಚ್ಚಾಗಿ ಕೊಬ್ಬೇ ಅಂದರು ಡಾಕ್ಟರ್. ಇಳಿದ ಮೇಲೆ ಹಸಿವು ಹೆಚ್ಚಿಸುವುದು ಹಾರ್ಮೋನುಗಳಂತೆ. ಥೈರಾಯ್ಡ್, ಶುಗರ್ ಸರಿಯಾಗಿವೆ. ಆದರೂ ತೂಕ ನೋಡಿದ ದಿನವೆಲ್ಲ ಸಿಡುಕು. "ಮತ್ತೆ ದಪ್ಪ ಆದ್ಯಲ್ಲೇ" ಅನ್ನುವ ನೆಂಟರು ಬೇರೆ!

ಇಳಿಸುವ ಉಪಾಯ ಬೇಡ. ಇಳಿದದ್ದನ್ನು ವರ್ಷಗಟ್ಟಲೆ ಉಳಿಸಿಕೊಂಡವರು ಹೇಳಿ: ಮನೆ ಊಟದಲ್ಲೇ ಪ್ರೋಟೀನ್‌ಗೆ ಏನು ತಿನ್ನುತ್ತೀರಿ? ಭಾರ ಎತ್ತುವ ವ್ಯಾಯಾಮ ವಾರಕ್ಕೆ ಎಷ್ಟು ದಿನ? ಈ ಬೇಸರಕ್ಕೆ ಕೌನ್ಸೆಲಿಂಗ್ ಯಾರಿಗಾದರೂ ಉಪಯೋಗವಾಗಿದೆಯಾ?