ಯೂರೋ ಪ್ರಾಜೆಕ್ಟ್, ರೂಪಾಯಿ ವ್ಯಾಕ್: ಒಂದೇ ಹಣಕ್ಕೆ ಮೂರು ಎನ್‌ಪಿವಿ ಬರುತ್ತಿದೆ, ಎಲ್ಲಿ ತಪ್ಪು?

ಪೀಣ್ಯಶೀಟ್

ಬೆಂಗಳೂರಿನ ಬಿಡಿಭಾಗ ಕಂಪನಿಯೊಂದರ ಜರ್ಮನ್ ಅಂಗಸಂಸ್ಥೆಯಲ್ಲಿ ಹೊಸ ಮಷಿನಿಂಗ್ ಲೈನ್ ಹಾಕುವ ಪ್ರಸ್ತಾವ. ಇಂದು 1 ಕೋಟಿ ಯೂರೋ ಹೂಡಿಕೆ, ಆಮೇಲೆ ಐದು ವರ್ಷ ವರ್ಷಕ್ಕೆ 27 ಲಕ್ಷ ಯೂರೋ ನಿವ್ವಳ ಕ್ಯಾಶ್ ಫ್ಲೋ, ಕೊನೆಗೆ ಮಷಿನ್ ಮಾರಿದರೆ ಏನೂ ಬರುವುದಿಲ್ಲ ಎಂದು ಇಟ್ಟಿದ್ದೇನೆ. ಲೆಕ್ಕ ಸುಲಭವಾಗಲಿ ಎಂದು ಯೂರೋಗೆ 100 ರೂಪಾಯಿ. ಕಂಪನಿಯ ವ್ಯಾಕ್ 12%.

ಮೊದಲ ಶೀಟಿನಲ್ಲಿ ಐದೂ ವರ್ಷಕ್ಕೆ 100 ರೂಪಾಯಿಯನ್ನೇ ಹಾಕಿ 12%ಗೆ ಡಿಸ್ಕೌಂಟ್ ಮಾಡಿದೆ: ಮೈನಸ್ 2.67 ಕೋಟಿ ರೂಪಾಯಿ. ಎರಡನೆಯದರಲ್ಲಿ ಹಣದುಬ್ಬರ ಭಾರತದಲ್ಲಿ 4%, ಯೂರೋ ವಲಯದಲ್ಲಿ 2% ಎಂದು ಹಿಡಿದು ವರ್ಷವರ್ಷದ ದರ ಏರಿಸಿ ಅದೇ 12% ಹಾಕಿದೆ: ಪ್ಲಸ್ 2.75 ಕೋಟಿ. ಮೂರನೆಯದರಲ್ಲಿ ಯೂರೋದಲ್ಲೇ ಇಟ್ಟು, 12ರಿಂದ 2 ಕಳೆದು 10%ಗೆ ಡಿಸ್ಕೌಂಟ್ ಮಾಡಿ ಕೊನೆಗೆ 100ರಿಂದ ಗುಣಿಸಿದೆ: ಪ್ಲಸ್ 2.35 ಕೋಟಿ.

ಎರಡನೆಯದೂ ಮೂರನೆಯದೂ ಒಂದೇ ಉತ್ತರ ಕೊಡಬೇಕಲ್ಲವೇ? 40 ಲಕ್ಷ ಎಲ್ಲಿ ಸೋರುತ್ತಿದೆ? ಬೋರ್ಡ್‌ಗೆ ಯಾವುದನ್ನು ಕೊಡಬೇಕು?

ಲೆಡ್ಜರ್‌ಭಟ್ಟ

ಇದಕ್ಕೆ ಇಂಡ್ ಎಎಸ್ 21 ಇದೆಯಲ್ಲ. ಲಾಭ-ನಷ್ಟದ ಬಾಬತ್ತಿಗೆ ಆ ವರ್ಷದ ಸರಾಸರಿ ದರ, ಆಸ್ತಿ-ಹೊಣೆಗೆ ವರ್ಷಾಂತ್ಯದ ದರ, ವ್ಯತ್ಯಾಸ ಓಸಿಐಗೆ. ಮುಂದಿನ ವರ್ಷಗಳ ದರ ಯಾರಿಗೂ ಗೊತ್ತಿಲ್ಲದ್ದರಿಂದ ಇಂದಿನ ದರವೇ ಸುರಕ್ಷಿತ. ಮೊದಲ ಶೀಟೇ ಸರಿ ಅನಿಸುತ್ತದೆ.

ಬಡ್ಡಿಲೆಕ್ಕ

ಭಟ್ಟರೇ, ಆ ಸ್ಟ್ಯಾಂಡರ್ಡ್ ಆಗಿಹೋದ ವರ್ಷದ ಲೆಕ್ಕವನ್ನು ಕನ್ಸಾಲಿಡೇಟ್ ಮಾಡುವುದಕ್ಕೆ. ಇಲ್ಲಿ ಇನ್ನೂ ಬಾರದ ಹಣದ ಇಂದಿನ ಬೆಲೆ ಬೇಕಾಗಿದೆ. ಎರಡಕ್ಕೂ ಸಂಬಂಧವಿಲ್ಲ.

ಇಂದಿನ ದರವೇ ಸುರಕ್ಷಿತ ಅನ್ನುವುದೂ ಇಲ್ಲಿ ನಿಲ್ಲುವುದಿಲ್ಲ. 12%ನ ಒಳಗೆ ರೂಪಾಯಿಯ ಹಣದುಬ್ಬರ ಕೂತಿದೆ. ಐದನೇ ವರ್ಷದ ರೂಪಾಯಿ ಸವೆದಿರುತ್ತದೆ ಎಂದೇ ಆ ದರ ಅಷ್ಟು ಮೇಲಿರುವುದು. ಆದರೆ ಐದನೇ ವರ್ಷದ ಯೂರೋವನ್ನು 100ಕ್ಕೇ ಪರಿವರ್ತಿಸಿದರೆ ರೂಪಾಯಿ ಸವೆದೇ ಇಲ್ಲ ಎಂದಂತಾಯಿತು. ಕೆಳಗೆ ಭಾಗಿಸುವಾಗ ಸವೆತ ಉಂಟು, ಮೇಲೆ ಗುಣಿಸುವಾಗ ಇಲ್ಲ. ಹಣದುಬ್ಬರ ಕಡಿಮೆ ಇರುವ ದೇಶದ ಒಳ್ಳೆಯ ಪ್ರಾಜೆಕ್ಟನ್ನು ಭಾರತದ ಕಂಪನಿಯ ಶೀಟು ತಿರಸ್ಕರಿಸುವುದು ಹೆಚ್ಚಾಗಿ ಹೀಗೆಯೇ.

ಈಗ ಸೋರಿಕೆ. ಬಡ್ಡಿದರವನ್ನು ಕಳೆಯಬಾರದು, ಭಾಗಿಸಬೇಕು:

```
B2:  =100*(1.04/1.02)^A2
B8:  =(1+12%)*(1.02/1.04)-1
```

A2ದಲ್ಲಿ ವರ್ಷದ ಸಂಖ್ಯೆ. B2 ಸೂತ್ರವನ್ನು ಐದು ಸಾಲಿಗೆ ಎಳೆದರೆ ಮೊದಲ ವರ್ಷ 101.96, ಐದನೇ ವರ್ಷ 110.20 ಬರುತ್ತದೆ. B8ರಲ್ಲಿ 9.85% ಬರುತ್ತದೆ, 10% ಅಲ್ಲ. 27 ಲಕ್ಷವನ್ನು ಪೂರ್ತಿ ದಶಮಾಂಶದ 9.846%ಗೆ ಡಿಸ್ಕೌಂಟ್ ಮಾಡಿ 100ರಿಂದ ಗುಣಿಸಿ ನೋಡಿ, 102.75 ಕೋಟಿ. ಹೂಡಿಕೆ 100 ಕೋಟಿ ಕಳೆದರೆ 2.75, ಅಂದರೆ ಎರಡನೇ ಶೀಟಿನ ಉತ್ತರವೇ. ಎರಡು ದಾರಿಯ ಉತ್ತರ ಪೈಸೆ ತನಕ ಕೂಡದಿದ್ದರೆ ಶೀಟಿನಲ್ಲಿ ದೋಷವಿದೆ ಎಂದೇ ತಿಳಿಯಿರಿ, ರೌಂಡಿಂಗ್ ಎಂದು ಬಿಡಬೇಡಿ.

ಒಂದು ಪ್ರಶ್ನೆ. ಐದೂ ವರ್ಷ 27 ಲಕ್ಷವೇ ಯಾಕೆ? ಇಂದಿನ ಬೆಲೆಯಲ್ಲಿ ಲೆಕ್ಕ ಹಾಕಿದ್ದೋ, ಆಯಾ ವರ್ಷ ನಿಜಕ್ಕೂ ಕೈಗೆ ಬರುವ ಯೂರೋವೋ? ಇಂದಿನ ಬೆಲೆಯದಾದರೆ ಮೊದಲು 2% ಏರಿಸಿ, ಇಲ್ಲದಿದ್ದರೆ ಮೇಲಿನ ಯಾವ ದರವೂ ಅದಕ್ಕೆ ಹೊಂದುವುದಿಲ್ಲ.

ಪೀಣ್ಯಶೀಟ್

ಆಯಾ ವರ್ಷ ಕೈಗೆ ಬರುವುದೇ ಸರ್. ಗ್ರಾಹಕರ ಒಪ್ಪಂದದಲ್ಲಿ ಪ್ರತಿ ವರ್ಷ ಬೆಲೆ ಇಳಿಸುವ ಷರತ್ತಿದೆ, ಪ್ರಮಾಣ ಏರುತ್ತದೆ, ಎರಡೂ ಹೆಚ್ಚುಕಡಿಮೆ ಸರಿದೂಗಿ 27 ಆಗುತ್ತದೆ. 10ರ ಬದಲು B8 ಹಾಕಿದೆ, ಎರಡೂ ಕೂಡಿತು.

ಇಸ್ತಾಂಬುಲ್ ಡೆಸ್ಕ್

ಇಂದಿನ ದರ ಹಾಕಿದರೆ ಎನ್‌ಪಿವಿ ಇಳಿಯುತ್ತದೆ ಅನ್ನುವುದನ್ನು ಒಪ್ಪಲಾರೆ. ನಮ್ಮ ಟರ್ಕಿ ಘಟಕದ ಶೀಟಿನಲ್ಲಿ ಇಂದಿನ ಲಿರಾ ದರ ಹಾಕಿದಾಗ ಎನ್‌ಪಿವಿ ಆಕಾಶಕ್ಕೆ ಹೋಗುತ್ತದೆ. ಹಾಗಾಗಿ 12%ಗೆ ಇನ್ನೊಂದು 6% ಕರೆನ್ಸಿ ರಿಸ್ಕ್ ಸೇರಿಸಿ 18% ಹಾಕುತ್ತೇವೆ.

ಬಡ್ಡಿಲೆಕ್ಕ

ತಪ್ಪು ಒಂದೇ, ದಿಕ್ಕು ಬೇರೆ. ಅಲ್ಲಿ ವಿದೇಶಿ ಕರೆನ್ಸಿಯೇ ಹೆಚ್ಚು ಸವೆಯುವುದು. ಲೆಕ್ಕಕ್ಕೆ ಲಿರಾ ಹಣದುಬ್ಬರ 30% ಎಂದಿಟ್ಟುಕೊಳ್ಳಿ. 1.04ನ್ನು 1.30ರಿಂದ ಭಾಗಿಸಿದರೆ 0.80, ಅಂದರೆ ಲಿರಾದ ರೂಪಾಯಿ ಬೆಲೆ ಪ್ರತಿ ವರ್ಷ ಐದರಲ್ಲೊಂದು ಪಾಲು ಕರಗುತ್ತದೆ. ಇಂದು 100 ರೂಪಾಯಿ ಬಾಳುವ ಲಿರಾ ಐದನೇ ವರ್ಷಕ್ಕೆ 33 ರೂಪಾಯಿಗೆ ಬರುತ್ತದೆ. ನಿಮ್ಮ ಶೀಟು ಅದನ್ನು 100 ಎಂದೇ ಹಿಡಿದಿದೆ.

12%ಗೆ ಸಮನಾದ ಲಿರಾ ದರ 1.12/0.80, ಅಂದರೆ 40%. ನೀವು ಹಾಕಿದ್ದು 18%. ಆ 6% ರಿಸ್ಕಿಗಲ್ಲ, ಪರಿವರ್ತನೆಯ ತಪ್ಪನ್ನು ಅಂದಾಜಿನಲ್ಲಿ ಮುಚ್ಚುವುದಕ್ಕೆ ಹೋಗಿದೆ, ಅದಕ್ಕೂ ಸಾಲದು. ಸವೆತವನ್ನು ವಿನಿಮಯ ದರದಲ್ಲಿ ತೋರಿಸಿ. ಡಿಸ್ಕೌಂಟ್ ದರದಲ್ಲಿ ವ್ಯವಹಾರದ ರಿಸ್ಕ್ ಮಾತ್ರ ಇರಲಿ.

ಬ್ಯಾಂಕ್‌ಕೌಂಟರ್

ಇಷ್ಟೆಲ್ಲ ಯಾಕೆ? ಜರ್ಮನಿಯಲ್ಲಿ ಅಂಗಸಂಸ್ಥೆಗೆ 4.5%ಗೆ ಯೂರೋ ಸಾಲ ಸಿಗುತ್ತದೆ. ಹಣದ ನಿಜವಾದ ಖರ್ಚು ಅದೇ. 4.5%ಗೆ ಡಿಸ್ಕೌಂಟ್ ಮಾಡಿದರೆ ಪ್ರಾಜೆಕ್ಟ್ ಆರಾಮಾಗಿ ಪಾಸ್.

ಬಡ್ಡಿಲೆಕ್ಕ

ಯೂರೋ ಹಣಕ್ಕೆ ಯೂರೋ ದರ ಎಂಬ ಅರ್ಧ ಸರಿ. ಆದರೆ ಬ್ಯಾಂಕು 4.5% ಕೇಳುವುದು ಮಾತೃಸಂಸ್ಥೆಯ ಗ್ಯಾರಂಟಿ ನೋಡಿ. ಗ್ರಾಹಕ ಆರ್ಡರ್ ಕಡಿತ ಮಾಡಿದರೆ ಬ್ಯಾಂಕಿಗೆ ನಷ್ಟವಿಲ್ಲ, ಪೆಟ್ಟು ಬೀಳುವುದು ಷೇರುದಾರರಿಗೆ. ಅವರು ಬಯಸುವ ಪ್ರತಿಫಲವೂ ದರದಲ್ಲಿ ಸೇರಬೇಕು.

ಪೀಣ್ಯಶೀಟ್ ಅವರೇ, ನಿಮ್ಮ ಪ್ರಶ್ನೆಯ ಗಟ್ಟಿ ಭಾಗ ಇಲ್ಲಿದೆ. 12% ಭಾರತದ ವ್ಯವಹಾರದ ದರ. ಅದನ್ನು ಯೂರೋಗೆ ತಿರುಗಿಸಿದರೆ ಭಾರತದ ರಿಸ್ಕೇ ಯೂರೋ ಅಂಗಿ ತೊಟ್ಟು ಬರುತ್ತದೆ. ಯೂರೋ ದರವನ್ನು ತಳದಿಂದ ಕಟ್ಟಿ ನೋಡಿ. ಜರ್ಮನ್ ಸರ್ಕಾರಿ ಬಾಂಡ್ 2.5%, ಬೀಟಾ 1.4, ಮಾರುಕಟ್ಟೆ ಪ್ರೀಮಿಯಂ 5% ಎಂದಿಟ್ಟರೆ ಷೇರು ಬಂಡವಾಳಕ್ಕೆ 9.5%. ಸಾಲ 4.5%, ಜರ್ಮನ್ ತೆರಿಗೆ ಸುಮಾರು 30% ಕಳೆದು 3.15%. 70:30ರಲ್ಲಿ ಬೆರೆಸಿದರೆ 7.6%. ಈ ಅಂಕಿಗಳು ಮಾದರಿಗೆ ಮಾತ್ರ, ನಿಮ್ಮ ದಿನದ ದರ ಹಾಕಿಕೊಳ್ಳಿ. ಬೀಟಾವನ್ನು ಯುರೋಪಿನ ಬಿಡಿಭಾಗ ಕಂಪನಿಗಳಿಂದ ತೆಗೆದು, ಅವುಗಳ ಸಾಲದ ಪ್ರಭಾವ ಕಳಚಿ, ನಿಮ್ಮ 70:30ಕ್ಕೆ ಮತ್ತೆ ಹೊಂದಿಸಿ. 7.6% ಹಾಕಿದರೆ ಎನ್‌ಪಿವಿ 8.95 ಕೋಟಿ.

ಇದರಲ್ಲೊಂದು ಅನುಕೂಲ ಇದೆ. ಈ 7.6%ನಿಂದ ರೂಪಾಯಿ ದರ ಹೊರಡಿಸಿದರೆ, ವಿನಿಮಯ ದರ ಹೇಗೆ ಸಾಗುತ್ತದೆ ಎಂಬ ಊಹೆ ಉತ್ತರವನ್ನು ಮುಟ್ಟುವುದಿಲ್ಲ. 4 ಮತ್ತು 2ರ ಹಣದುಬ್ಬರ ಹಿಡಿದರೆ ರೂಪಾಯಿ ದರ 9.71%. ಭಾರತದ ಸರ್ಕಾರಿ ಬಾಂಡ್ 6.5%, ಜರ್ಮನಿಯದು 2.5% ಎಂಬ ಅಂತರ ಹಿಡಿದರೆ 11.80%. ಆಯಾ ಅಂತರದಿಂದಲೇ ವರ್ಷವರ್ಷದ ದರವನ್ನೂ ಏರಿಸಿದರೆ ಎರಡರಲ್ಲೂ 8.95 ಕೋಟಿಯೇ ಬರುತ್ತದೆ. ನೀವು 12%ನ್ನು ಮೊಳೆ ಹೊಡೆದು ನಿಲ್ಲಿಸಿ ಅಂತರ ಮಾತ್ರ ಬದಲಿಸಿದರೆ 2.75 ಹೋಗಿ 8.4 ಆಗುತ್ತದೆ. ಪ್ರಾಜೆಕ್ಟಿನ ಹಣೆಬರಹ ಕರೆನ್ಸಿಯ ಊಹೆಯ ಕೈಗೆ ಹೋಯಿತು.

ಇಸ್ತಾಂಬುಲ್ ಡೆಸ್ಕ್

40% ಹಾಕಿ ನೋಡಿದೆ, ರೂಪಾಯಿ ದಾರಿಗೆ ಕೂಡಿತು. ಆದರೆ ಒಂದು ತಕರಾರು: ಹಣದುಬ್ಬರದ ಅಂತರದಂತೆ ಕರೆನ್ಸಿ ನಡೆಯುತ್ತದೆ ಅನ್ನುವುದು ಕಾಗದದ ಮೇಲೆ. ಈಜಿಪ್ಟಿನಲ್ಲಿ ಅಧಿಕೃತ ದರ ತಿಂಗಳುಗಟ್ಟಲೆ ಡಾಲರಿಗೆ 31ರ ಹತ್ತಿರ ನಿಂತು, 2024ರ ಮಾರ್ಚ್ 6ರಂದು ಒಂದೇ ದಿನ 50ರ ಹತ್ತಿರ ಹಾರಿತು. ಅಂಥಲ್ಲಿ ಏನು ಮಾಡುವುದು?

ಬಡ್ಡಿಲೆಕ್ಕ

ಅಲ್ಲಿ ಅಧಿಕೃತ ದರ ನಂಬಿ ಮೊದಲ ಹೆಜ್ಜೆ ಇಟ್ಟರೆ ಲೆಕ್ಕವೇ ಕೆಡುತ್ತದೆ. ಡಾಲರ್ ನಿಜವಾಗಿ ಯಾವ ದರಕ್ಕೆ ಸಿಗುತ್ತಿದೆಯೋ ಆ ಸ್ಪಾಟ್‌ನಿಂದ ಶುರು ಮಾಡಿ, ಹಣ ಹೊರಗೆ ಬರುವ ವರ್ಷವನ್ನು ತಡ ಮಾಡಿ ಎರಡು ಮೂರು ಸನ್ನಿವೇಶ ಹಾಕಬೇಕು. ಒಂದೇ ಅಂಕಿ ಕೊಡುವ ಸೂತ್ರ ಅಲ್ಲಿಗಿಲ್ಲ.

ಲೆಡ್ಜರ್‌ಭಟ್ಟ

ಸ್ಟ್ಯಾಂಡರ್ಡ್ ವಿಷಯ ಒಪ್ಪಿದೆ. ಆದರೆ 27 ಲಕ್ಷ ಅಂಗಸಂಸ್ಥೆಯ ಖಾತೆಯಲ್ಲಿ ತಾನೇ ಇರುವುದು? ಬೆಂಗಳೂರಿಗೆ ಎಷ್ಟು ತಲುಪುತ್ತದೆ? ಜರ್ಮನಿಯಲ್ಲಿ ಡಿವಿಡೆಂಡಿನ ಮೇಲೆ 26.375% ಹಿಡಿಯುತ್ತಾರೆ. ನಮ್ಮ ಒಪ್ಪಂದದ 10% ದರ ಬೇಕಾದರೆ ಮೊದಲೇ ವಿನಾಯಿತಿ ಪ್ರಮಾಣಪತ್ರ ಪಡೆಯಬೇಕು, ಇಲ್ಲದಿದ್ದರೆ ಹಿಡಿದದ್ದನ್ನು ಮರುಪಾವತಿಗೆ ಅರ್ಜಿ ಹಾಕಿ ಕಾಯಬೇಕು. ಇಲ್ಲಿ ವಿದೇಶಿ ಅಂಗಸಂಸ್ಥೆಯ ಡಿವಿಡೆಂಡಿಗೆ ಇದ್ದ 15% ರಿಯಾಯಿತಿ ದರ 2022ರ ಬಜೆಟ್‌ನಲ್ಲಿ ಹೋಯಿತು. ಈಗ ಕಂಪನಿಯ ಮಾಮೂಲಿ ದರವೇ, ಅಲ್ಲಿ ಕಟ್ಟಿದ 10%ಗೆ ಕ್ರೆಡಿಟ್ ಸಿಗುತ್ತದೆ. ಬಂದ ಡಿವಿಡೆಂಡನ್ನು ಗಡುವಿನೊಳಗೆ ಷೇರುದಾರರಿಗೆ ಹಂಚಿದರೆ ಅಷ್ಟಕ್ಕೆ ಇಲ್ಲಿಯ ತೆರಿಗೆ ಬೀಳುವುದಿಲ್ಲ.

ಬಡ್ಡಿಲೆಕ್ಕ

ಇದು ಬಹಳ ಮುಖ್ಯದ ಮಾತು. 27ರಲ್ಲಿ ಸವಕಳಿಯೇ ಸುಮಾರು 20 ಲಕ್ಷ, ಲಾಭ 7 ಮಾತ್ರ. ಲಾಭವಿಲ್ಲದೆ ಡಿವಿಡೆಂಡ್ ಇಲ್ಲ, ಹಾಗಾಗಿ ಆ 20 ಲಕ್ಷ ಡಿವಿಡೆಂಡ್ ದಾರಿಯಲ್ಲಿ ಬರಲಾರದು. 1 ಕೋಟಿಯಲ್ಲಿ ಒಂದು ಭಾಗವನ್ನು ಷೇರಾಗಿಯೂ ಉಳಿದದ್ದನ್ನು ಮಾತೃಸಂಸ್ಥೆಯ ಸಾಲವಾಗಿಯೂ ಕಳಿಸಿದರೆ ಅಸಲಿನ ಕಂತಾಗಿ ಮರಳುತ್ತದೆ, ಅಸಲಿಗೆ ತೆರಿಗೆಯಿಲ್ಲ. ಎರಡು ಎನ್‌ಪಿವಿ ತೋರಿಸಿ: ಜರ್ಮನಿಯಲ್ಲಿ ಹುಟ್ಟುವ ಹಣದ್ದೊಂದು, ಬೆಂಗಳೂರು ಮುಟ್ಟುವ ಹಣದ್ದೊಂದು. ಮೊದಲನೆಯದು ಪ್ಲಸ್, ಎರಡನೆಯದು ಮೈನಸ್ ಬಂದರೆ ಪ್ರಾಜೆಕ್ಟನ್ನು ಬಿಡುವ ಮೊದಲು ಹಣ ಕಳಿಸುವ ರೀತಿ ಬದಲಿಸಿ ನೋಡಿ.

ಪೀಣ್ಯಶೀಟ್

ಸಾಲ-ಷೇರು ಹಂಚಿಕೆ ಸೇರಿಸಿ ಬೆಂಗಳೂರು ಮುಟ್ಟುವ ಹಣದ ಶೀಟು ಮಾಡುತ್ತಿದ್ದೇನೆ. ಖಜಾನೆ ವಿಭಾಗದವರನ್ನು ಕೇಳಿದೆ, 12%ನ್ನು ಅವರು 6.5%ನ ಸರ್ಕಾರಿ ಬಾಂಡಿನ ಮೇಲೆ ಕಟ್ಟಿದ್ದಾರಂತೆ. ಹಾಗಾದರೆ 12%ಗೆ ಹಣದುಬ್ಬರದ 2% ಅಂತರ ಬಳಸಿದ್ದೇ ಹೊಂದಿಕೆಯಿಲ್ಲದ ಜೋಡಿಯೇ?

ಬಡ್ಡಿಲೆಕ್ಕ

ಹೌದು, ಬಾಂಡಿನ ಮೇಲೆ ಕಟ್ಟಿದ ದರಕ್ಕೆ ಬಾಂಡಿನ ಅಂತರವೇ ಹತ್ತಿರ. ಆಗ 12%ಗೆ ಸಮನಾದ ಯೂರೋ ದರ 7.8%, ತಳದಿಂದ ಕಟ್ಟಿದ 7.6%ಗೆ ಎಷ್ಟು ಹತ್ತಿರ ನೋಡಿ. ಆದರೆ ಭಾರತದ ಬಾಂಡಿನ 6.5%ರಲ್ಲಿ ಒಂದು ಪಾಲು ಕರೆನ್ಸಿಯದಲ್ಲ, ದೇಶದ ಸಾಲದ ರಿಸ್ಕಿನದು. ಅದನ್ನು ತೆಗೆದರೆ ಅಂತರ 4ಕ್ಕಿಂತ ಕಡಿಮೆ. ಎಷ್ಟು ತೆಗೆಯಬೇಕು ಎಂಬುದರಲ್ಲಿ ತಿಳಿದವರಲ್ಲೇ ಒಮ್ಮತವಿಲ್ಲ. ಬೋರ್ಡ್‌ಗೆ 7.6%ನ ಯೂರೋ ಶೀಟನ್ನೇ ಕೊಡಿ, ರೂಪಾಯಿ ಶೀಟು ತಾಳೆ ನೋಡಲು ಹಿಂದಿರಲಿ.

ಬ್ಯಾಂಕ್‌ಕೌಂಟರ್

ಐದು ವರ್ಷದ ಯೂರೋ-ರೂಪಾಯಿ ಫಾರ್ವರ್ಡ್ ಕೋಟ್ ಕೇಳಿ ಆ ದರ ಹಾಕಿದರೆ ಈ ವಾದವೇ ಇರುವುದಿಲ್ಲವಲ್ಲ?

ಬಡ್ಡಿಲೆಕ್ಕ

ಒಂದು ವರ್ಷದವರೆಗೆ ಧಾರಾಳವಾಗಿ ಸಿಗುತ್ತದೆ. ಅದರಾಚೆಗೆ ವ್ಯವಹಾರ ತೆಳು, ಕೋಟ್‌ನಲ್ಲಿ ಬ್ಯಾಂಕಿನ ಮಾರ್ಜಿನ್ ದಪ್ಪ. ಕೋಟ್ ಸಿಕ್ಕರೆ ಇಲ್ಲಿ ಹಾಕಿ, 3ನೇ ಮತ್ತು 5ನೇ ವರ್ಷದ ಬಿಡ್, ಆಫರ್ ಎರಡೂ ಇರಲಿ. ಮಾರ್ಜಿನ್ ಎಷ್ಟಿದೆ ಎಂದು ಬಿಡಿಸಿ ನೋಡೋಣ.