ಸಹಾಯ ಬೇಕು: ಬೀಮ್ ಮೊಮೆಂಟ್ 20% ಇಳಿಸಿದರೆ xu/d 0.4 ದಾಟುತ್ತಿದೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಒಂದು ಮೂರಂತಸ್ತಿನ ಮನೆಯ ಡಿಸೈನ್ ಮಾಡುತ್ತಿದ್ದೇನೆ. ಒಂದು ಬೀಮ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ತಲಾ 5 ಮೀಟರಿನ ಎರಡು ಸ್ಪ್ಯಾನ್, ನಡುವೆ ಒಂದು ಕಾಲಂ. ಫ್ಯಾಕ್ಟರ್ಡ್ ಲೋಡ್ ಮೀಟರಿಗೆ 48 kN. ಕಾಲಂ ಮೇಲೆ 150 kNm ಬರುತ್ತದೆ. ಬೀಮ್ 230 x 450, ಡಿ 410, ಎಂ25, ಎಫ್‌ಇ500. ಗೋಡೆಗಿಂತ ಅಗಲ ಮಾಡೋಕೆ ಮನೆಯವರು ಒಪ್ಪಲ್ಲ. ಕಾಲಂ ತಲೆಯಲ್ಲಿ ಕಂಬಿ ಎಷ್ಟು ಒತ್ತೊತ್ತಾಗಿದೆ ಅಂದರೆ, ನಡುವೆ ಕಾಂಕ್ರೀಟ್ ಇಳಿಯುವುದೇ ಅನುಮಾನ.

ಅದಕ್ಕೇ 20% ಇಳಿಸಿ 120 ಮಾಡಿದೆ. ಸ್ಪ್ಯಾನಿನಲ್ಲಿ 84 ಇದ್ದದ್ದು 96 ಆಯಿತು, ಅದಕ್ಕೆ ಕಂಬಿ ಸುಲಭವಾಗಿ ಕೂರುತ್ತದೆ. ಆದರೆ 120ಕ್ಕೆ xu ಸುಮಾರು 171 ಮಿಮೀ, ಅಂದರೆ xu/d 0.418. ಐಎಸ್ 456 ಪ್ರಕಾರ xu/d + δM/100 ≤ 0.6, ಹಾಗಾಗಿ 0.4 ದಾಟುವಂತಿಲ್ಲ. 15% ಇಳಿಸಿದರೂ 0.45ರ ಮಿತಿಗೆ 0.452 ಬರುತ್ತದೆ!

ನಮ್ಮ ಸೀನಿಯರ್, "ಎಫ್‌ಇ500ಗೆ 0.46 ತನಕ ಇದೆ, ಬಿಡಪ್ಪ" ಅಂತಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ಮೊಮೆಂಟ್ ಸ್ಪ್ಯಾನಿಗೆ ಹೋಗಬೇಕಾದರೆ ಕಾಲಂ ಮೇಲಿನ ಕಂಬಿ ಮೊದಲು ಯೀಲ್ಡ್ ಆಗಿ, ಆ ಜಾಗ ಚೆನ್ನಾಗಿ ತಿರುಗಬೇಕು ಅಲ್ವಾ? xu ಜಾಸ್ತಿಯಾದರೆ ಅಷ್ಟು ತಿರುಗುವ ಮೊದಲೇ ಕೆಳಗಿನ ಕಾಂಕ್ರೀಟ್ ಪುಡಿಯಾಗುತ್ತದೆ.

ಸ್ಪ್ಯಾನಿನ ಕೆಳಗಿನ ಕಂಬಿಗಳಲ್ಲಿ ಎರಡನ್ನು ಕಾಲಂ ದಾಟಿಸಿ, ಪೂರ್ತಿ ಆಂಕರೇಜ್ ಕೊಟ್ಟು, ಕಂಪ್ರೆಶನ್ ಸ್ಟೀಲ್ ಎಂದು ಲೆಕ್ಕ ಹಿಡಿದು xu ಅನ್ನು 164ಕ್ಕಿಂತ ಕೆಳಗೆ ತರಬಹುದೇ? ತಂದರೆ ಅಲ್ಲಿ ರಿಂಗ್ ಎಷ್ಟು ಹತ್ತಿರ ಕಟ್ಟಿಸುತ್ತೀರಿ?