ನ್ಯಾಸ್‌ಗೆ ಫೈಲ್ ಕಾಪಿ 110 ಎಂಬಿ, ಅದೇ ನ್ಯಾಸ್ ಮೇಲಿನ ವಿಎಂ ಒಳಗೆ ಬರೀ 6 ಎಂಬಿ: ಎನ್‌ಎಫ್‌ಎಸ್ ಬಿಟ್ಟು ಐಸ್ಕಸಿಗೆ ಹೋಗಬೇಕಾ?

ಉದ್ಯಮಬಾಗ_ಐಟಿ (ಬೆಳಗಾವಿ)
ನಮಸ್ಕಾರ್ರಿ. ಮಷಿನ್ ಶಾಪ್ ಒಂದರ ಸೆಟಪ್ ಇದು. ಟ್ರೂನ್ಯಾಸ್ ಡಬ್ಬಿಯಲ್ಲಿ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್, ರೇಡ್-ಝಡ್1, 32 ಜಿಬಿ ರ‍್ಯಾಮ್, ಗಿಗಾಬಿಟ್ ಸ್ವಿಚ್. ಒಂದು ಇಎಸ್‌ಎಕ್ಸ್‌ಐ ಸರ್ವರ್, ಎನ್‌ಎಫ್‌ಎಸ್ ಮೇಲೆ ಮೂರು ವಿಎಂ. ಅದರಲ್ಲಿ ಒಂದು ಅಕೌಂಟ್ಸ್ ಡೇಟಾಬೇಸ್. ವಿಂಡೋಸ್ ಪಿಸಿಯಿಂದ ನ್ಯಾಸ್‌ಗೆ ಕಾಪಿ ಹಾಕಿದರೆ ಸೆಕೆಂಡಿಗೆ 110 ಎಂಬಿ ಬರುತ್ತೆ. ವಿಎಂ ಒಳಗೆ ಅದೇ ಫೈಲ್ 5-6ರಲ್ಲಿ ತೆವಳುತ್ತೆ. `esxtop`ನಲ್ಲಿ u ಒತ್ತಿ ನೋಡಿದರೆ GAVG, ಅಂದರೆ ಪ್ರತಿ ಓದು-ಬರಹಕ್ಕೆ ಕಾಯುವ ಸಮಯ, 150 ಮಿಲಿಸೆಕೆಂಡಿನ ಮೇಲೆ.

ಬಾಗಲಕೋಟಿ_ರ‍್ಯಾಕ್
ಎನ್‌ಎಫ್‌ಎಸ್ ತೆಗೀರಿ, ಐಸ್ಕಸಿ ಹಾಕ್ರಿ. ಇದೇ ಡಿಸ್ಕ್, ಇದೇ ಕೇಬಲ್‌ನಾಗ ಸ್ಪೀಡ್ ಬರ್ತೈತಿ. ಭಾಳ ಮಂದಿ ಹಂಗ ಮಾಡ್ಯಾರ.

ಗುಮ್ಮಟ_ನೆಟ್ (ವಿಜಯಪುರ)
ನಮ್ಮಲ್ಲೂ ಇದೇ ಅದ. ಎಷ್ಟೇ ಮಾಡಿದ್ರೂ 11 ಎಂಬಿ ದಾಟಂಗಿಲ್ಲ, ಪಿಸಿಯಿಂದ ಕಾಪಿ ಹಾಕಿದ್ರೂ ಅಷ್ಟೇ.

ಶಹಾಪುರ_ಸ್ಟೋರೇಜ್ (ಬೆಳಗಾವಿ)
ಗುಮ್ಮಟ ಅವರೇ, ನಿಮ್ಮದು ಬೇರೆ ರೋಗ. ಎಲ್ಲ ಕಡೆಯಿಂದಲೂ 11ಕ್ಕೇ ನಿಂತರೆ ಲಿಂಕ್ 100 ಮೆಗಾಬಿಟ್‌ಗೆ ಇಳಿದಿದೆ ಅಂತ ಅರ್ಥ. ಎಂಟು ತಂತಿಗಳಲ್ಲಿ ಒಂದು ಕ್ರಿಂಪ್‌ನಲ್ಲಿ ಕೂತಿರಲ್ಲ. ಕೇಬಲ್ ಬದಲಿಸಿ ನೋಡಿ.

ಉದ್ಯಮಬಾಗ ಅವರ ನೆಟ್‌ವರ್ಕ್ ಸರಿಯಿದೆ, 110 ಅದಕ್ಕೇ ಸಾಕ್ಷಿ. ಪಿಸಿಯಿಂದ ಬಂದ ಡೇಟಾ ರ‍್ಯಾಮ್‌ಗೆ ಬಿದ್ದ ತಕ್ಷಣ ನ್ಯಾಸ್ "ಆಯ್ತು" ಅಂತ ಉತ್ತರಿಸುತ್ತೆ, ಡಿಸ್ಕಿಗೆ ಆಮೇಲೆ ಒಟ್ಟಿಗೆ ಬರೆಯುತ್ತೆ. ಇಎಸ್‌ಎಕ್ಸ್‌ಐ ಮಾತ್ರ ಎನ್‌ಎಫ್‌ಎಸ್ ಮೇಲಿನ ಪ್ರತಿಯೊಂದು ಬರಹವನ್ನೂ ಸಿಂಕ್ ಅಂತಲೇ ಕಳಿಸುತ್ತೆ. ಡಿಸ್ಕಿಗೆ ಮುಟ್ಟುವವರೆಗೆ ಉತ್ತರ ಒಪ್ಪಲ್ಲ. ನಿಮ್ಮ ನಾಲ್ಕು ಡಿಸ್ಕ್‌ಗಳ ರೇಡ್-ಝಡ್, ಚಿಲ್ಲರೆ ಬರಹಗಳ ಮಟ್ಟಿಗೆ ಹೆಚ್ಚುಕಡಿಮೆ ಒಂದೇ ಡಿಸ್ಕಿನಷ್ಟು ಕೆಲಸ ಮಾಡುತ್ತೆ, ಅಂದರೆ ಸೆಕೆಂಡಿಗೆ ನೂರರ ಆಸುಪಾಸು.

ಇದು ಊಹೆಯಾಗಿ ಉಳಿಯೋದು ಬೇಡ, ಪರೀಕ್ಷಿಸಿ. ಅಕೌಂಟ್ಸ್ ವಿಎಂ ಮುಟ್ಟಬೇಡಿ. ಹೊಸ ಡೇಟಾಸೆಟ್ ಮಾಡಿ, ಅದನ್ನು ಬೇರೆ ಡೇಟಾಸ್ಟೋರ್ ಆಗಿ ಸೇರಿಸಿ, ಹೋದರೂ ಪರವಾಗಿಲ್ಲ ಅನ್ನುವಂಥ ಒಂದು ವಿಎಂ ಅಲ್ಲಿಡಿ. ನಂತರ:

```
zfs set sync=disabled tank/testvm
```

ಸ್ಪೀಡ್ ಜಿಗಿದರೆ ಕಾರಣ ಸಿಂಕ್ ಒಂದೇ. ನೋಡಿಕೊಂಡ ಮೇಲೆ ತಪ್ಪದೆ `sync=standard`ಗೆ ಮರಳಿಸಿ.

ಬಾಗಲಕೋಟಿಯವರು ಹೇಳಿದ್ದು ಅರ್ಧ ನಿಜ. ಐಸ್ಕಸಿಯಲ್ಲಿ ಸ್ಪೀಡ್ ಬರುತ್ತೆ, ಆದರೆ ಅಲ್ಲಿ ಇಎಸ್‌ಎಕ್ಸ್‌ಐ ಸಿಂಕ್ ಕೇಳುವುದೇ ಇಲ್ಲ, ಅದಕ್ಕೇ ಬರುತ್ತೆ. ಐಸ್ಕಸಿಗೆ ಕೊಡುವ ಝಡ್‌ವಾಲ್‌ಗೆ `sync=always` ಹಾಕಿ ನೋಡಿ, ಎನ್‌ಎಫ್‌ಎಸ್‌ನಷ್ಟಕ್ಕೇ ಬಂದು ನಿಲ್ಲುತ್ತೆ.

ಬಾಗಲಕೋಟಿ_ರ‍್ಯಾಕ್
ಹಂಗಾದ್ರ `disabled` ಇಟ್ಟು ಒಂದು ಯುಪಿಎಸ್ ಹಚ್ಚಿದ್ರ ಮುಗೀತಲ್ಲ?

ಶಹಾಪುರ_ಸ್ಟೋರೇಜ್
ಕರೆಂಟ್ ಹೋದಾಗ ಯುಪಿಎಸ್ ಕಾಯುತ್ತೆ. ನ್ಯಾಸ್‌ನ ಪವರ್ ಸಪ್ಲೈ ಸುಟ್ಟರೆ, ಕರ್ನಲ್ ಕುಸಿದರೆ ಕಾಯಲ್ಲ. ಆಗ ಕೊನೆಯ ಐದಾರು ಸೆಕೆಂಡಿನ ಡೇಟಾ ಹೋಗುತ್ತೆ. ಝಡ್‌ಎಫ್‌ಎಸ್ ಪೂಲ್‌ಗೆ ಏನೂ ಆಗಲ್ಲ, `zpool status` ಎಲ್ಲ ಚೆನ್ನಾಗಿದೆ ಅಂತಲೇ ತೋರಿಸುತ್ತೆ. ಆದರೆ ಡೇಟಾಬೇಸ್ ಬರೆದಾಯ್ತು ಅಂತ ನಂಬಿದ ಎಂಟ್ರಿಗಳು ಡಿಸ್ಕಿನಲ್ಲೇ ಇರಲ್ಲ. ಎಷ್ಟೋ ದಿನದ ಮೇಲೆ ಲೆಕ್ಕ ಕೂಡದೇ ಇದ್ದಾಗ ಗೊತ್ತಾಗುತ್ತೆ.

ಉದ್ಯಮಬಾಗ_ಐಟಿ
ಟೆಸ್ಟ್ ಮಾಡಿದೆ. `disabled`ನಲ್ಲಿ 95, ವಾಪಸ್ ಹಾಕಿದರೆ ಮತ್ತೆ 6. ಮನೆಯಲ್ಲಿ ಸಾದಾ ಎಸ್‌ಎಸ್‌ಡಿ ಇದೆ, ಸಿಂಕ್ ಬರಹ ಮೊದಲು ಅದರ ಮೇಲೆ ಬೀಳುವಂತೆ ಅದನ್ನೇ ಲಾಗ್ ಡಿಸ್ಕ್ ಮಾಡಬಹುದಾ?

ಶಹಾಪುರ_ಸ್ಟೋರೇಜ್
ಬೇಡ. ಲಾಗ್‌ಗೆ ಪವರ್ ಲಾಸ್ ಪ್ರೊಟೆಕ್ಷನ್ ಇರುವ ಎಸ್‌ಎಸ್‌ಡಿಯೇ ಬೇಕು. ಅದರ ಬೋರ್ಡ್ ಮೇಲೆ ಕೆಪಾಸಿಟರ್‌ಗಳ ಸಾಲು ಇರುತ್ತೆ; ಕರೆಂಟ್ ಹೋದರೂ ಕೈಲಿದ್ದ ಡೇಟಾವನ್ನು ಬರೆದು ಮುಗಿಸುವಷ್ಟು ಕಸುವು ಅದಕ್ಕಿದೆ. ಅದಕ್ಕೇ ಅದು ಫ್ಲಶ್‌ಗೆ ತಕ್ಷಣ ಉತ್ತರಿಸಬಲ್ಲದು. ಸಾದಾ ಎಸ್‌ಎಸ್‌ಡಿ ಪ್ರತಿ ಫ್ಲಶ್‌ಗೂ ಫ್ಲ್ಯಾಶ್‌ಗೆ ಬರೆದು ಮುಗಿಸಲೇಬೇಕು, ಬಾಕ್ಸ್ ಮೇಲೆ 500 ಎಂಬಿ ಅಂತ ಇದ್ದರೂ ಅಲ್ಲಿ ಎಡವುತ್ತೆ. ಸರ್ವರ್‌ನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಡ್ರೈವ್ ಆದರೂ ನಡೆಯುತ್ತೆ, ಆಯಸ್ಸು ಎಷ್ಟು ಉಳಿದಿದೆ ಅಂತ `smartctl -a`ನಲ್ಲಿ ನೋಡಿ ಕೊಳ್ಳಿ. ಸೈಜ್ ಮುಖ್ಯವಲ್ಲ: ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 120 ಎಂಬಿಗಿಂತ ಹೆಚ್ಚು ಬರುವ ದಾರಿಯೇ ಇಲ್ಲ, 16 ಜಿಬಿ ಧಾರಾಳ.

ಸೇರಿಸಿದ ಮೇಲೆ ಬರಹ ಲಾಗ್ ಮೇಲೆ ಬೀಳ್ತಿದೆಯಾ ಅಂತ ನೋಡಿ:

```
zpool iostat -v tank 1
```

ಉದ್ಯಮಬಾಗ_ಐಟಿ
ಕೆಪಾಸಿಟರ್ ಇರುವ ಡ್ರೈವ್ ಹಾಕಿದೆ. `sync=standard`ನಲ್ಲೇ ಈಗ 70 ಬರುತ್ತಿದೆ, `logs` ಸಾಲಿನಲ್ಲಿ ಬರಹ ಕಾಣುತ್ತೆ. ಆದರೆ ಬೆಳಿಗ್ಗೆ ಮೂರೂ ವಿಎಂ ಒಟ್ಟಿಗೆ ಬೂಟ್ ಆಗುವಾಗ ಮೊದಲಿನಷ್ಟೇ ನಿಧಾನ.

ಶಹಾಪುರ_ಸ್ಟೋರೇಜ್
ಬೂಟ್ ಅಂದರೆ ಬಹುಪಾಲು ಓದುವ ಕೆಲಸ. ಲಾಗ್ ಡಿಸ್ಕ್ ಓದಿಗೆ ಏನೂ ಮಾಡಲ್ಲ. ರ‍್ಯಾಮ್‌ನಲ್ಲಿ ಇಲ್ಲದ್ದೆಲ್ಲ ಅದೇ ನಾಲ್ಕು ಡಿಸ್ಕಿನಿಂದ ಬರಬೇಕು. ಸದ್ಯಕ್ಕೆ ಆಟೋಸ್ಟಾರ್ಟ್‌ನಲ್ಲಿ ವಿಎಂಗಳ ನಡುವೆ ಎರಡು-ಮೂರು ನಿಮಿಷ ಅಂತರ ಕೊಡಿ. ಗಟ್ಟಿ ಪರಿಹಾರ ಅಂದರೆ ರೇಡ್-ಝಡ್ ಬಿಟ್ಟು ಎರಡು ಮಿರರ್ ಜೋಡಿ ಮಾಡೋದು. 12 ಟಿಬಿ ಇದ್ದದ್ದು 8 ಆಗುತ್ತೆ, ಮೇಲಾಗಿ ಇದ್ದ ಪೂಲನ್ನು ಹಾಗೇ ತಿರುಗಿಸಕ್ಕಾಗಲ್ಲ. ಎಲ್ಲ ಬ್ಯಾಕಪ್ ತೆಗೆದು, ಅಳಿಸಿ, ಹೊಸದಾಗಿ ಕಟ್ಟಬೇಕು.

ಬಾಗಲಕೋಟಿ_ರ‍್ಯಾಕ್
ಮೂರು ವಿಎಂ ಸಲುವಾಗಿ ಪೂಲ್ ಯಾಕ ಒಡೀತೀರಿ? ಸಾದಾ ಎಸ್‌ಎಸ್‌ಡಿ ಎರಡು ತಂದು ಮಿರರ್ ಮಾಡಿ, ವಿಎಂ ಅಷ್ಟೇ ಅದರ ಮ್ಯಾಲೆ ಇಡ್ರಿ. ಡಿಸ್ಕ್ ಫೈಲ್‌ಗೆ ಇರ್ಲಿ.

ಶಹಾಪುರ_ಸ್ಟೋರೇಜ್
ಇದು ಒಳ್ಳೆ ಮಾತು. ಮೂರು ವಿಎಂ ಸೇರಿ ಒಂದು ಟಿಬಿ ಒಳಗಿದ್ದರೆ ನಾನೂ ಇದನ್ನೇ ಆರಿಸ್ತೀನಿ, ಲಾಗ್ ಡ್ರೈವನ್ನು ಆ ಪೂಲ್‌ಗೆ ಕೊಡಿ. ವಿಎಂಗಳ ಒಟ್ಟು ಸೈಜ್ ಎಷ್ಟು?

ಉದ್ಯಮಬಾಗ_ಐಟಿ
ಈಗ 700 ಜಿಬಿ, ಸಿಸಿಟಿವಿ ರೆಕಾರ್ಡಿಂಗ್‌ಗೂ ಒಂದು ವಿಎಂ ಬೇಕು ಅಂತಿದ್ದಾರೆ. ಡಬ್ಬಿಯಲ್ಲಿ ಎಷ್ಟು ಸಾಟಾ ಪೋರ್ಟ್ ಖಾಲಿ ಇದೆ ಅಂತ ನಾಳೆ ಬಿಚ್ಚಿ ನೋಡಿ ಹೇಳ್ತೀನಿ.